ಅಳತೆಬಂಡೆಯ ಮೇಲೆ ನಿಂತವನು

"ಅಜ್ಜಾರೇ, ಸತ್ತವರು ತಿರುಗಿ ಬಂದರೆಂದು ಮೂವರು ಹೇಳಿದರೆ ನಂಬಬೇಕೋ, ಬೇಡವೋ?"

ಕೇಳಿದವನು ರಾಚಯ್ಯ. ಗುರುಪಾದಜ್ಜರ ಮಠಕ್ಕೆ ಓದಲು ಬಂದು ಐದು ವರ್ಷವಾಗಿತ್ತು ಅವನಿಗೆ. ಕೇಳಿದ್ದು ಕೂತುಕೊಂಡಲ್ಲ, ನಿಂತುಕೊಂಡೇ. ಬಗಲಲ್ಲಿ ಬುತ್ತಿಯ ಗಂಟಿತ್ತು. ಹೋದ ವರ್ಷ ಅವನ ತಾಯಿ ಊರಲ್ಲಿ ತೀರಿಕೊಂಡಿದ್ದಳು. ಸುದ್ದಿ ಮಠಕ್ಕೆ ಮುಟ್ಟಿ, ಇವನು ಊರು ಸೇರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮುಖ ನೋಡುವುದು ಕೂಡ ಅವನ ಪಾಲಿಗೆ ಬರಲಿಲ್ಲ. ಈಗ ಊರ ಕಡೆಯಿಂದ ಬಂದ ಮೂವರು, ಅವಳು ಗುಡ್ಡದ ಬುಗ್ಗೆಯ ಹತ್ತಿರ ಕೂತಿರುತ್ತಾಳೆ, ನಾವು ಕಣ್ಣಾರೆ ಕಂಡೆವು, ಮಗನನ್ನು ಕೇಳಿದಳು ಎಂದು ಹೇಳಿಹೋಗಿದ್ದರು.

ಅಜ್ಜಾರು ಹರಿದ ಕಾವಿಯ ಅಂಚನ್ನು ಹೊಲಿಯುತ್ತ ಕೂತಿದ್ದರು. ಬೆಳಿಗ್ಗೆ ರಾಚಯ್ಯ ಅಡುಗೆಮನೆಯಲ್ಲಿ ನೀಲವ್ವನ ಕೈಯಿಂದ ಬುತ್ತಿ ಕಟ್ಟಿಸಿಕೊಳ್ಳುವಾಗ ಅವರು ಆ ಬಾಗಿಲಲ್ಲೇ ಹಾದುಹೋಗಿದ್ದರು. ಈಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, "ಕೂತುಕೊಳ್ಳೋ ಮಾರಾಯ. ಗುಡ್ಡ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ರಾಚಯ್ಯ ಕೂತ. ಗಂಟನ್ನು ಮಾತ್ರ ತೊಡೆಯ ಮೇಲೇ ಇಟ್ಟುಕೊಂಡ. ಅಜ್ಜಾರು ಕತೆ ಶುರುಮಾಡಿದರು.

ಒಂದು ಹೊಳೆ. ಹೊಳೆಗೆ ಒಂದು ಘಟ್ಟ. ಘಟ್ಟದಲ್ಲಿ ಅರವತ್ತು ಮನೆ ಅಂಬಿಗರು. ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ಅವರ ಕಸುಬು. ಅವರಲ್ಲಿ ಒಬ್ಬ ಅಂಬಿಗ ಮಹಾಪೂರದ ದಿನ ಆಚೆ ದಂಡೆಯಲ್ಲಿ ಸಿಕ್ಕಿಕೊಂಡಿದ್ದ ಬಾಣಂತಿಯೊಬ್ಬಳನ್ನು ತರುತ್ತೇನೆಂದು ಹೋದ. ಬಾಣಂತಿಯನ್ನು ತಂದ, ಕೂಸನ್ನೂ ತಂದ. ಇಬ್ಬರನ್ನೂ ದಂಡೆಗಿಳಿಸಿ ಹರಿಗೋಲನ್ನು ಎಳೆದು ಕಟ್ಟುವಾಗ ಹೊಳೆ ಅವನನ್ನು ಎಳೆದುಕೊಂಡಿತು. ಹರಿಗೋಲು ಎರಡು ಹರದಾರಿ ಕೆಳಗೆ ಸಿಕ್ಕಿತು. ನೀರು ತಳ್ಳುವ ಹುಟ್ಟು ಅದಕ್ಕೆ ಸಿಕ್ಕಿಕೊಂಡೇ ಇತ್ತು. ಅವನು ಮಾತ್ರ ಸಿಗಲಿಲ್ಲ.

ಅಂಬಿಗರಲ್ಲಿ ಒಂದು ಪದ್ಧತಿ. ಹೆಣ ಸಿಗದಿದ್ದರೆ ಹನ್ನೊಂದನೆಯ ದಿನ ಸತ್ತವನ ಹುಟ್ಟನ್ನು ಘಟ್ಟದಲ್ಲಿ ಚಿತೆಗಿಡುತ್ತಾರೆ. ಹುಟ್ಟು ಸುಟ್ಟಿತೆಂದರೆ ಅವನು ಸತ್ತಂತೆ. ಅವನ ಸರದಿ ಬೇರೆಯವರಿಗೆ ಹೋಗುತ್ತದೆ, ಹೆಂಡತಿ ಬಳೆ ತೆಗೆಯುತ್ತಾಳೆ, ಆಮೇಲೆ ಆ ಹೆಸರನ್ನು ಘಟ್ಟದಲ್ಲಿ ಯಾರೂ ಕೂಗುವುದಿಲ್ಲ. ಅಲ್ಲಿಯವರೆಗೆ ಸರದಿ ಖಾಲಿ ಬೀಳಬಾರದು. ಅದಕ್ಕೆ ಅವನ ಬಳಗದವನೊಬ್ಬ ಅವನ ಕಂಬಳಿಯನ್ನು ತಲೆಯ ಮೇಲಿಂದ ಹೊದ್ದುಕೊಂಡು ಬೆಳಗಿನ ಮೊದಲ ಕೆಲಸ ಮಾಡುತ್ತಾನೆ. ಕಂಬಳಿ ಮೈಮೇಲಿರುವಷ್ಟು ಹೊತ್ತು ಅವನು ಯಾರ ಜೊತೆಗೂ ಮಾತಾಡುವಂತಿಲ್ಲ. ಯಾರು ಹೊದ್ದರು ಎಂದು ಸತ್ತವನ ಮನೆಯವರು ಕೇಳುವಂತಿಲ್ಲ, ಬಲ್ಲವರು ಹೇಳುವಂತಿಲ್ಲ.

ಆ ಅಂಬಿಗ ಅವತ್ತು ಅವಸರದಲ್ಲಿ ಕಂಬಳಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಬಿಳಿಯ ಕಂಬಳಿ, ಅದಕ್ಕೆ ಕೆಂಪು ಅಂಚು. ಅಂಚು ಹೊಲಿದವಳು ಹೆಂಡತಿ. ಮೂರನೆಯ ದಿನ ಘಟ್ಟದ ಹಿರಿಯ ಬಂದು ಕೇಳಿದಾಗ ಒಳಗಿನಿಂದ ತಂದು ಕೊಟ್ಟವಳೂ ಅವಳೇ. ಈ ಮಾತು ನೆನಪಿಟ್ಟುಕೋ ರಾಚಯ್ಯ. ಅವಳು ಅದನ್ನು ಬದಿಗೊತ್ತಿದಳು, ನೀನು ಮರೆಯಬೇಡ.

ಆರನೆಯ ದಿನ ಹೊಳೆ ಇಳಿಯಿತು. ಅವತ್ತು ಬೆಳಿಗ್ಗೆ ಹಾಲು ಮಾರುವವನೊಬ್ಬ ಓಡುತ್ತ ಬಂದ. ದಿನಾ ಮೇಲಿನ ದಾರಿ ಹಿಡಿದು ಹೋಗುವವನು, ದಾರಿ ಪೂರದಲ್ಲಿ ಕಿತ್ತುಹೋಗಿದ್ದರಿಂದ ಮೊದಲ ಸಲ ದಂಡೆಗುಂಟ ಬಂದಿದ್ದ. "ತಂಗೀ, ನಿನ್ನ ಗಂಡ ನಡುಹೊಳ್ಯಾಗ ನೀರಿನ ಮ್ಯಾಲ ನಿಂತಾನ! ನಾ ಕಣ್ಣಾರೆ ನೋಡೀನಿ. ಸುಳ್ಳು ಹೇಳಿ ನನಗೇನು ಬರೂದೈತಿ?" ಎಂದ. ಏಳನೆಯ ದಿನ ಹೂ ಮಾರುವವಳು ಬಂದು ತಾನೂ ನೋಡಿದೆನೆಂದಳು. ಎಂಟನೆಯ ದಿನ ದೂರದ ಊರಿನ ಯಾತ್ರಿಕನೊಬ್ಬ ಘಟ್ಟದ ಕಟ್ಟೆಯಲ್ಲಿ ಕೂತು, "ನಿಮ್ಮೂರ ಹೊಳೆಯೊಳಗ ಒಬ್ಬ ಮನಿಷ್ಯಾ ನೀರಿನ ಮ್ಯಾಲ ನಿಂತಿದ್ದನಲ್ರೀ, ಯಾವ ಸಿದ್ಧಪುರುಷ ಅಂವಾ?" ಎಂದು ಕೇಳಿದ.

ಊರು ಎದ್ದು ಕೂತಿತು. ಈ ದಂಡೆಯವರು ಇದು ನಮ್ಮ ಗಂಗವ್ವನ ಮಹಿಮೆ ಎಂದರು. ಆಚೆ ದಂಡೆಯವರು ಇದು ನಮ್ಮ ಗದ್ದುಗೆಯ ಮಹಿಮೆ ಎಂದರು. ಒಬ್ಬರಿಗೊಬ್ಬರು ಸುಳ್ಳರು ಎಂದು ಬೈದಾಡಿಕೊಂಡರು. ಅವಳು ಮಾತ್ರ ಎರಡೂ ದಂಡೆಗೆ ಕೈ ಮುಗಿದಳು. ಅವಳಿಗೆ ಮಹಿಮೆ ಯಾರದಾದರೇನು? ಅವನು ಬಂದರೆ ಸಾಕಾಗಿತ್ತು. ಹಿರಿಯನ ಮನೆಗೆ ಹೋಗಿ, "ಹುಟ್ಟು ಸುಡಬ್ಯಾಡ್ರಿ ಯಪ್ಪಾ. ನಾಳೆ ಅಂವಾ ಬಂದು ನನ್ನ ಹುಟ್ಟು ಎಲ್ಲಿ ಅಂದರ ಏನು ಹೇಳಲಿ?" ಎಂದಳು.

ಹಿರಿಯ ಇಕ್ಕಟ್ಟಿಗೆ ಬಿದ್ದ. ಬದುಕಿದವನ ಹುಟ್ಟು ಸುಟ್ಟರೆ ಅವನು ಘಟ್ಟಕ್ಕೆ ಪರಕೀಯ. ಸತ್ತವನ ಹುಟ್ಟು ಸುಡದಿದ್ದರೆ ಅವನಿಗೆ ದಡವಿಲ್ಲ. ಎರಡರಲ್ಲಿ ಯಾವುದನ್ನು ತಪ್ಪಿ ಮಾಡಿದರೂ ತಿದ್ದಲಾಗದು. ಅವನು ಅವಳನ್ನೇ ಅಗ್ರಹಾರದ ಪಂಡಿತರ ಹತ್ತಿರ ಕಳಿಸಿದ. ತರ್ಕ ಓದಿದ ಮುದುಕರು, ಬಾಯಿ ಸ್ವಲ್ಪ ಜೋರು. ಅವಳು ಹೋದಾಗ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು.

ಎಲ್ಲವನ್ನೂ ಕೇಳಿಸಿಕೊಂಡು ಅವರೆಂದರು: "ನೋಡವ್ವಾ, ಒಬ್ಬ ಬಂದು ಒಂದು ಮಾತು ಹೇಳಿದರ, ಅದು ಖರೆ ಇರಬಹುದು. ಇಲ್ಲಾ ಅಂವಾ ಸುಳ್ಳು ಹೇಳಿರಬಹುದು. ಇಲ್ಲಾ ಅವನೇ ಮೋಸ ಹೋಗಿರಬಹುದು. ದಿನದ ಮಾತಿಗೆ ಇಷ್ಟು ಕೆದಕೂದು ಬ್ಯಾಡ. ಸಂತಿಯೊಳಗ ಮೆಣಸಿನಕಾಯಿ ಬಂದಾವ ಅಂದರ ನಂಬಿಬಿಡೂದು. ಹಂಗ ನಂಬದಿದ್ದರ ಲೋಕ ನಡಿಯೂದಿಲ್ಲ. ಆದರ ಮುಳುಗಿದಂವಾ ಬಂದು ನೀರಿನ ಮ್ಯಾಲ ನಿಂತ ಅಂದರ, ತಕ್ಕಡಿ ಹಿಡೀಬೇಕು."

ಹೀಗೆಂದು ಬೀಜಗಳ ಗುಡ್ಡೆಯನ್ನು ತೋರಿಸಿದರು. ಇದುವರೆಗೆ ಸತ್ತವರು ಇಷ್ಟು ಜನ, ಯಾರೂ ತಿರುಗಿ ಬಂದಿಲ್ಲ, ನೀರಿನ ಮೇಲೆ ಕಾಲಿಟ್ಟವರು ಇಷ್ಟು ಜನ, ಎಲ್ಲರೂ ಮುಳುಗಿದರು, ಇದೆಲ್ಲ ಒಂದು ತಟ್ಟೆಯಲ್ಲಿ. ನಿನ್ನ ಮೂವರ ಮಾತು ಇನ್ನೊಂದು ತಟ್ಟೆಯಲ್ಲಿ ಎಂದರು. ಆ ಮೂವರ ಮಾತು ಸುಳ್ಳಾಗುವುದು, ಸತ್ತವನು ಬರುವುದಕ್ಕಿಂತ ದೊಡ್ಡ ಆಶ್ಚರ್ಯವಾಗಿದ್ದರೆ ಮಾತ್ರ ಅವರ ತಟ್ಟೆ ಕೆಳಗೆ ಬರುತ್ತದೆ ಎಂದರು.

ಅವಳು ಓದಿದವಳಲ್ಲ. ಆದರೆ ಹೊಳೆಯ ದಂಡೆಯ ಹೆಂಗಸು, ದಿನಾ ಹತ್ತು ಊರಿನ ಮಾತು ಕೇಳಿದವಳು. ಗುಡ್ಡೆಯನ್ನೇ ದಿಟ್ಟಿಸಿ ನೋಡಿ ಅಂದಳು: "ಯಪ್ಪಾರ, ಬರದವರನ್ನೆಲ್ಲ ಈ ಗುಡ್ಡಿಗೆ ಹಾಕಿದ್ರಿ. ಯಾರರೆ ಬಂದಾರ ಅಂತ ಹೇಳಿದರ ಅದು ಸುಳ್ಳು ಅಂತ ಹೊರಗ ಒಗೀತೀರಿ. ಹಿಂಗ ಮಾಡಿದರ ನಿಮ್ಮ ಗುಡ್ಡಿ ಎಂದಾದರೂ ಸೋಲತೈತೇನು?"

ಪಂಡಿತರ ಕೈ ನಿಂತಿತು. ಅವಳ ಮುಖ ನೋಡಿ, "ಭಲೇ! ಇಷ್ಟು ವರ್ಷ ಶಿಷ್ಯರಿಗೆ ಪಾಠ ಹೇಳೀನಿ, ಒಬ್ಬನೂ ಹಿಂಗ ಕೇಳಲಿಲ್ಲ" ಎಂದು ನಕ್ಕರು. ನಕ್ಕು ಸುಮ್ಮನಾಗಲಿಲ್ಲ, ಒಪ್ಪಿಕೊಂಡರು. ಎಂದೂ ಆಗಿಲ್ಲ ಎಂಬುದನ್ನು ಮೊದಲೇ ಗಂಟು ಕಟ್ಟಿಟ್ಟುಕೊಂಡು, ಅದರಿಂದಲೇ ಈಗಲೂ ಆಗಿಲ್ಲ ಎಂದರೆ ಅದು ವಿಚಾರವಲ್ಲ, ಹಟ. ಹಾಗಾಗಿ ಆಗುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ ಎಂದರು. ಗುಡ್ಡೆ ಭಾರವಾಗಿದೆ, ಅಷ್ಟೇ. ಅದನ್ನು ಎತ್ತುವಷ್ಟು ಭಾರ ಆ ಕಡೆ ಇದೆಯೇ ಎಂದು ನೋಡೋಣ ಎಂದರು.

ಅವಳಿಗೆ ಧೈರ್ಯ ಬಂತು. ಗಂಡ ಒಮ್ಮೆ ಸಮುದ್ರದ ಕಡೆ ಹೋಗಿ ಬಂದು, ಅಲ್ಲಿ ಹೊಳೆಯ ನೀರು ದಿನಕ್ಕೆರಡು ಸಲ ಮೇಲಕ್ಕೆ ಹರಿಯುತ್ತದೆ ಎಂದಿದ್ದ. ಇಡೀ ಘಟ್ಟ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆಮೇಲೆ ಅದು ನಿಜವೇ ಆಯಿತು. ಅದನ್ನು ಹೇಳಿ, "ನಕ್ಕವರು ತಪ್ಪಲ್ಲೇನ್ರಿ?" ಎಂದಳು.

"ತಪ್ಪು. ಯಾಕಂದರ ಅವರ್ಯಾರೂ ಸಮುದ್ರದ ದಂಡಿಗೆ ನಿಂತು ನೋಡಿದವರಲ್ಲ. ಕಂಡಿಲ್ಲದ್ದು ಬ್ಯಾರೆ, ಕಂಡದ್ದಕ್ಕ ವಿರುದ್ಧ ಇರೂದು ಬ್ಯಾರೆ. ಸಾವಿನ ದಂಡಿಗೆ ಎಲ್ಲಾ ಊರಿನವರೂ ನಿಂತಾರ, ನಿಂತು ಕಾದಾರ. ನೀನೂ ಎಂಟು ದಿನದಿಂದ ಕಾಯಾಕತ್ತೀ ಅಲ್ಲೇನು?"

ಅವಳು ಹೌದೆಂದು ತಲೆಯಾಡಿಸಿದಳು. ಆದರೂ ಬಿಡಲಿಲ್ಲ. ಘಟ್ಟದಲ್ಲಿ ವರ್ಷಕ್ಕೊಮ್ಮೆ ಅರವತ್ತು ಹುಟ್ಟುಗಳಲ್ಲಿ ಕಣ್ಣು ಕಟ್ಟಿ ಒಂದನ್ನು ಎತ್ತುತ್ತಾರೆ. ಯಾರ ಹುಟ್ಟು ಬಂತೋ, ಆ ವರ್ಷ ಜನರನ್ನು ದಾಟಿಸುವ ಮೊದಲ ಸರದಿ ಅವನದೇ. ಅರವತ್ತರಲ್ಲಿ ಒಂದೇ ಬರುವುದು, ಅಷ್ಟು ಅಪರೂಪ. ಆದರೂ ಇಂಥವನ ಹುಟ್ಟು ಬಂತು ಎಂದು ದಾರಿಹೋಕ ಹೇಳಿದರೂ ಎಲ್ಲರೂ ನಂಬುತ್ತಾರೆ. ಅಪರೂಪದ ಮಾತನ್ನು ದಿನಾ ನಂಬುವವರು ನನ್ನ ಮಾತಿಗೆ ಯಾಕೆ ತಕ್ಕಡಿ ತರುತ್ತೀರಿ ಎಂದು ಕೇಳಿದಳು.

ರಾಚಯ್ಯ, ಇಲ್ಲಿ ಕಿವಿಗೊಟ್ಟು ಕೇಳು. ಪಂಡಿತರು ಮೆತ್ತಗೆ ಹೇಳಿದರು. ಆ ದಾರಿಹೋಕ ತಪ್ಪಿದರೆ ಅರವತ್ತು ಹೆಸರಿನಲ್ಲಿ ಯಾವುದನ್ನಾದರೂ ತಪ್ಪಿ ಹೇಳಬಹುದಿತ್ತು. ಒಂದೇ ಹೆಸರಿನ ಕಡೆ ಅವನನ್ನು ಎಳೆಯುವುದೇನೂ ಇಲ್ಲ. ಅದಕ್ಕೇ ಅವನು ಹೇಳಿದ ಹೆಸರನ್ನು ನಂಬುತ್ತೇವೆ. ನಿನ್ನ ಮಾತು ಹಾಗಲ್ಲವ್ವಾ. ಬಾಣಂತಿಯನ್ನು ಉಳಿಸಿ ಸತ್ತವನು, ಹೆಣ ಸಿಗದವನು, ಊರೆಲ್ಲ ಬಯಸುವವನು. ಯಾರು ಎಲ್ಲಿ ತಪ್ಪಿ ನೋಡಿದರೂ ಆ ತಪ್ಪು ಬಂದು ನಿಲ್ಲುವುದು ಅವನ ಹೆಸರಿನಲ್ಲೇ. ಅಪರೂಪವೋ ಅಲ್ಲವೋ ಎಂಬುದೊಂದೇ ಪ್ರಶ್ನೆಯಲ್ಲ. ಅವನು ಬಾರದೆ ಇದ್ದಿದ್ದರೂ ಈ ಮಾತು ಹುಟ್ಟುತ್ತಿತ್ತೇ? ಇದನ್ನೇ ಕೇಳಬೇಕು.

"ಜೀವ ಕೊಟ್ಟ ದೇವರಿಗೆ ಇನ್ನೊಮ್ಮೆ ಕೊಡಾಕ ಆಗೂದಿಲ್ಲೇನ್ರಿ?" ಎಂದಳು. ಅವಳ ಕಣ್ಣು ತುಂಬಿದ್ದವು.

"ಆಗತದ. ನಾನೂ ಅವನಿಗೆ ದಿನಾ ದೀಪ ಹಚ್ಚುವಂವಾ. ಅವನೇ ಇಲ್ಲ ಅನ್ನುವವನಿಗೆ ಈ ಗುಡ್ಡಿ ಇನ್ನಷ್ಟು ಭಾರ, ನನಗ ಒಂದು ಸ್ವಲ್ಪ ಹಗುರ. ಆದರ ಮಾಡಬಲ್ಲ ಅನ್ನೂದು ಒಂದು, ಮೊನ್ನೆ ಮುಂಜಾನೆ ನಿಮ್ಮ ಘಟ್ಟದಾಗ ಮಾಡಿದ ಅನ್ನೂದು ಇನ್ನೊಂದು. ಎರಡನೇದಕ್ಕ ಸಾಕ್ಷಿನೇ ಬೇಕು. ಹೋಗು, ಮೂವರನ್ನೂ ನೀನೇ ಕೇಳಿ ಬಾ."

ಏನೇನು ಕೇಳಬೇಕೆಂದು ಹೇಳಿಕೊಟ್ಟರು. ಹೇಳುವವನು ತಾನೇ ಕಂಡನೋ, ಕೇಳಿ ಹೇಳುತ್ತಾನೋ? ಎಷ್ಟು ದೂರದಿಂದ ಕಂಡ, ಬೆಳಕೆಷ್ಟಿತ್ತು? ಮೊದಲು ಕಂಡವನ ಮಾತು ಇವನ ಕಿವಿಗೆ ಬಿದ್ದಿತ್ತೋ? ಕಂಡದ್ದೆಷ್ಟು, ಕಂಡದ್ದಕ್ಕೆ ತಾನು ಕೂಡಿಸಿದ್ದೆಷ್ಟು? ಹೀಗೆ ಹೇಳುವುದರಿಂದ ಅವನಿಗೆ ಸಿಗುವುದೇನು, ಕಳೆಯುವುದೇನು? ಬಲ್ಲವನಾಗಿರಬೇಕು, ಇದ್ದದ್ದನ್ನು ಇದ್ದ ಹಾಗೆ ಹೇಳುವ ಮನಸ್ಸಿರಬೇಕು, ಹಾಗೆ ಹೇಳಲು ಬರಲೂಬೇಕು. ಈ ಮೂರೂ ಇದ್ದವನೇ ಆಪ್ತ, ಅವನ ಮಾತಿಗೆ ತೂಕ ಎಂದರು.

ಒಂಬತ್ತನೆಯ ದಿನ ಅವಳು ಮೂವರ ಹತ್ತಿರವೂ ಹೋದಳು. ಒಳಗೊಳಗೇ ಅವಳಿಗೊಂದು ಆಸೆ. ಮೂವರೂ ಗಟ್ಟಿಯಾಗಿ ನಿಂತರೆ ಪಂಡಿತರ ಬಾಯಿ ಮುಚ್ಚಿಹೋಗುತ್ತದಲ್ಲ ಎಂದು.

ಹೂ ಮಾರುವವಳು ಬಹಳ ಹೇಳಿದಳು. ಗಂಡ ನಕ್ಕ ಎಂದಳು, ಕೈ ಎತ್ತಿದ ಎಂದಳು, ಅವನ ಸುತ್ತ ಬೆಳಕಿತ್ತು ಎಂದಳು. ಹಾಲಿನವನ ಮಾತು ಕೇಳಿದ ಮೇಲೆ ನೋಡಲೆಂದೇ ಹೋಗಿದ್ದಳು. ಎಲ್ಲಿ ನಿಂತು ನೋಡಿದೆ ಎಂದರೆ ಗುಡಿಯ ಹಿಂದೆ ಎಂದಳು. ಗುಡಿಯ ಹಿಂದಿನಿಂದ ಹೊಳೆಯೇ ಕಾಣುವುದಿಲ್ಲ. ಅಂಬಿಗನ ಹೆಂಡತಿ ಅವಳ ಕೈ ಹಿಡಿದು, "ಅಕ್ಕಾ, ಖರೆ ಹೇಳು" ಎಂದಳು. ಅವಳು ಅತ್ತುಬಿಟ್ಟಳು. ನೀನು ಎಂಟು ದಿನದಿಂದ ಉಂಡಿಲ್ಲವಲ್ಲೇ, ಒಂದು ತುತ್ತು ಉಂಡೀಯೇನೋ ಎಂದು ಹೇಳಿದೆ ಎಂದಳು. ಪ್ರೀತಿಯಿಂದಲೂ ಸುಳ್ಳು ಹುಟ್ಟುತ್ತದೆ ನೋಡಪ್ಪಾ. ದುರಾಸೆಯ ಸುಳ್ಳಿಗಿಂತ ಅದನ್ನು ಹಿಡಿಯುವುದು ಕಷ್ಟ.

ಹಾಲಿನವನು ನಿಜವಾಗಿಯೂ ನೋಡಿದ್ದ. ಇನ್ನೂ ಸೂರ್ಯ ಮೂಡಿರಲಿಲ್ಲ, ಹೊಳೆಯ ಮೇಲೆ ಮಂಜು ಕವಿದಿತ್ತು. ದಂಡೆಯಿಂದ ಕವಣೆ ಕಲ್ಲು ಮುಟ್ಟದಷ್ಟು ದೂರ. ಬಿಳಿ ಕಂಬಳಿ, ಕೆಂಪು ಅಂಚು, ಕಾಲ ಕೆಳಗೆ ನೀರು. "ಮುಖ ಕಂಡಿತೇನಣ್ಣಾ?" ಎಂದಳು. "ಮುಖ ಯಾಕ ಬೇಕವ್ವಾ? ಆ ಕಂಬಳಿ ಈ ಸೀಮೆಯೊಳಗ ಇನ್ನ್ಯಾರಿಗೈತಿ?" ಎಂದ.

ಇನ್ನೂ ಕಟ್ಟೆಯಲ್ಲೇ ತಂಗಿದ್ದ ಯಾತ್ರಿಕ ಹಾಲಿನವನ ಹೆಸರನ್ನೂ ಕೇಳಿರಲಿಲ್ಲ. ಸತ್ತವನು ಯಾರೆಂಬುದೂ ಅವನಿಗೆ ಗೊತ್ತಿರಲಿಲ್ಲ. ಹೇಳುವುದರಿಂದ ಅವನಿಗೆ ಲಾಭವೂ ಇರಲಿಲ್ಲ. ಆದರೂ ಅದನ್ನೇ ಹೇಳಿದ: ಬಿಳಿ ಕಂಬಳಿ, ಕೆಂಪು ಅಂಚು, ನೀರಿನ ಮೇಲೆ ನಿಂತಿದ್ದ. ಅವಳು ಓಡಿಕೊಂಡೇ ಪಂಡಿತರ ಮನೆಗೆ ಬಂದಳು.

"ಮೂವರೊಳಗ ಒಬ್ಬಾಕೆ ಹೋದಳ್ರಿ ಯಪ್ಪಾ. ಆದರ ಇಬ್ಬರು ಗಟ್ಟಿ ನಿಂತರು! ಒಬ್ಬರ ಮಾತು ಒಬ್ಬರು ಕೇಳಿಲ್ಲ, ಆದರೂ ಒಂದ ಮಾತು!"

ಪಂಡಿತರು ಈ ಸಲ ಹಗುರವಾಗಿ ಮಾತಾಡಲಿಲ್ಲ. ಪರಸ್ಪರ ಕೇಳದ ಇಬ್ಬರು ಒಂದೇ ಮಾತು ಹೇಳಿದರೆ ಅದರ ತೂಕ ಎರಡು ಪಟ್ಟಲ್ಲ, ಬಹಳ ಪಟ್ಟು ಎಂದರು. ಅಂಥ ಹತ್ತು ಜನ ಬಂದರೆ ಈ ಗುಡ್ಡೆ ಎಷ್ಟೇ ದೊಡ್ಡದಿರಲಿ ಏಳಬಹುದು ಎಂದರು. ಅವಳ ಮುಖ ಅರಳಿತು. ಆಮೇಲೆ ಅವರೊಂದು ಮಾತು ಸೇರಿಸಿದರು.

"ಆದರ ಅವರು ಒಬ್ಬರನ್ನೊಬ್ಬರು ಕೇಳದಿದ್ದರ ಸಾಲದವ್ವಾ. ಇಬ್ಬರನ್ನೂ ಒಂದೇ ತಪ್ಪಿಗೆ ಕರಕೊಂಡು ಹೋಗೂ ದಾರಿನೂ ಇರಬಾರದು. ಇಬ್ಬರೂ ಖರೆನೇ ಹೇಳಿದರು ಅಂತ ತಿಳಿ. ಖರೆ ಹೇಳಿದ್ದೇನು? ಕಂಬಳಿ ಕಂಡಿತು, ಕಾಲಾಗ ನೀರು ಕಂಡಿತು. ಅಂವಾ ನಿನ್ನ ಗಂಡ ಅಂತ ಕಂಡವರ್ಯಾರು? ಕೂಡಿಸಿದವರ್ಯಾರು?" ಎಂದು ತಡೆದು ಕೇಳಿದರು: "ಆ ಕಂಬಳಿ ಈಗ ಎಲ್ಲದ?"

ಅವಳಿಗೆ ಉತ್ತರ ಗೊತ್ತಿತ್ತು. ತನ್ನ ಕೈಯಿಂದಲೇ ಕೊಟ್ಟದ್ದು. ನಾಲಿಗೆಯ ತುದಿಗೆ ಬಂದ ಮಾತನ್ನು ಅವಳು ಅಲ್ಲೇ ತಡೆದಳು. "ಗಂಗವ್ವ ಅವನನ್ನ ಕೊಟ್ಟಾಳಂದರ, ಕಂಬಳಿ ಕೊಡಾಕ ಆಗೂದಿಲ್ಲೇನ್ರಿ?" ಎಂದುಬಿಟ್ಟಳು.

"ಒಂದು ಪವಾಡ ಉಳಿಸಾಕ ಇನ್ನೊಂದು ಪವಾಡ ಬೇಕಾತು" ಎಂದು ಪಂಡಿತರು ಬೀಜಗಳ ಕಡೆ ತಿರುಗಿದರು. ಬೈಯಲಿಲ್ಲ, ನಗಲೂ ಇಲ್ಲ. ಅವಳು ಎದ್ದು ಮೆಟ್ಟಿಲಿಳಿಯುವಾಗ ಕರೆದರು. "ನಾ ಅಂವಾ ಬಂದಿಲ್ಲ ಅನ್ನಲಿಲ್ಲವ್ವಾ. ಹತ್ತಿರದಿಂದ, ಬೆಳಕಿನಾಗ, ಮುಖ ಬಲ್ಲವರು ನೋಡಲಿ. ಅಂವಾ ಖರೇನ ನಿಂತಿದ್ದರ ಈ ಗುಡ್ಡಿ ನಾನೇ ತಿಪ್ಪಿಗೆ ಚೆಲ್ಲಿ ನಿನ್ನ ಬೆನ್ನ ಹಿಂದ ಬರತೀನಿ."

ಹತ್ತನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಒಬ್ಬಳೇ ಘಟ್ಟಕ್ಕೆ ಹೋದಳು. ಮಂಜಿತ್ತು. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹತ್ತು ದಿನದಿಂದ ಅವಳು ಹೊಳೆಯ ಮುಖ ನೋಡಿರಲಿಲ್ಲ. ನೋಡಿದರೆ ಸಿಟ್ಟು ಬರುತ್ತದೆಂದು ಹೆದರಿದ್ದಳು. ಈಗ ಸಿಟ್ಟೂ ಬರಲಿಲ್ಲ. ಅವನು ಬೇಕು, ಅವನೊಬ್ಬ ಬೇಕು ಎನ್ನಿಸುತ್ತಿತ್ತು, ಅಷ್ಟೇ.

ಮಂಜು ಒಂದಿಷ್ಟು ಸರಿಯಿತು. ನಡುಹೊಳೆಯಲ್ಲಿ ಅವನು ನಿಂತಿದ್ದ.

ಬಿಳಿ ಕಂಬಳಿ, ಕೆಂಪು ಅಂಚು. ಕಾಲ ಕೆಳಗೆ ನೀರು ಹರಿಯುತ್ತಿತ್ತು. ಎಡಭುಜ ಸ್ವಲ್ಪ ಇಳಿದಿತ್ತು, ಅವನದು ಇಳಿಯುತ್ತಿದ್ದ ಹಾಗೆಯೇ. ಅವಳು ಮುಖವನ್ನೂ ಕಂಡಳು. ಹೌದು, ಆ ದೂರದಲ್ಲಿ, ಆ ಮಂಜಿನಲ್ಲಿ, ಕಂಬಳಿಯ ಮುಸುಕಿನೊಳಗೆ ಅವಳಿಗೆ ಮುಖ ಕಂಡಿತು. ನಕ್ಕದ್ದೂ ಕಂಡಿತು. ಮದುವೆಯಾಗಿ ಹದಿನಾರು ವರ್ಷ ಒಮ್ಮೆಯೂ ಬಾಯಲ್ಲಿ ತಂದಿರದ ಗಂಡನ ಹೆಸರನ್ನು ಅವಳು ಹೊಳೆಯುದ್ದಕ್ಕೂ ಕೇಳುವ ಹಾಗೆ ಕೂಗಿದಳು.

"ಭರಮಾ!"

ನಿಂತವನು ತಿರುಗಿದ. ಮಾತಾಡಲಿಲ್ಲ, ಮಾತಾಡುವಂತಿರಲಿಲ್ಲ. ಅವಳು ಮತ್ತೆ ಕೂಗಿದಳು, ಮತ್ತೂ ಕೂಗಿದಳು, ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ಆಗ ಅವನು ಪದ್ಧತಿ ಮುರಿದ. ಕಂಬಳಿಯನ್ನು ತಲೆಯ ಮೇಲಿಂದ ತೆಗೆದು, "ವೈನೀ, ಮುಂದ ಬರಬ್ಯಾಡ್ರಿ! ಸೆಳವೈತಿ! ನಾನ್ರೀ, ನಾನು!" ಎಂದು ಅರಚಿದ. ಮೈದುನ. ಗಂಡನ ಒಡಹುಟ್ಟಿದ ತಮ್ಮ. ಅವನು ಅಳುತ್ತಿದ್ದ.

ಅವಳು ಸೊಂಟಮಟ್ಟದ ನೀರಿನಲ್ಲಿ ಹಾಗೇ ನಿಂತಳು. ಆಗ ಒಂದೊಂದಾಗಿ ಅವಳಿಗೆ ಎಲ್ಲವೂ ತಿಳಿದವು. ಹೊಸದಾಗಿ ತಿಳಿದದ್ದಲ್ಲ, ಮೊದಲೇ ತಿಳಿದಿದ್ದವೇ. ನಡುಹೊಳೆಯಲ್ಲಿ ಒಂದು ಬಂಡೆಯಿದೆ. ಅಂಬಿಗರು ಅದನ್ನು ಅಳತೆಬಂಡೆ ಎನ್ನುತ್ತಾರೆ. ಪೂರ ಇಳಿದ ಮೇಲೆ ದಿನಾ ಬೆಳಿಗ್ಗೆ ಒಬ್ಬ ಹರಿಗೋಲನ್ನು ಅದರ ಮಗ್ಗುಲಿಗೆ ನಿಲ್ಲಿಸಿ ಬಂಡೆಯ ಮೇಲೆ ಕಾಲಿಟ್ಟು ನೀರು ಅಳೆಯುತ್ತಾನೆ. ಮೊಣಕಾಲಿಗೆ ಬಂದರೆ ಜನರನ್ನು ದಾಟಿಸುವಂತಿಲ್ಲ, ಹಿಮ್ಮಡಿಗೆ ಬಂದರೆ ದಾಟಿಸಬಹುದು. ಬಂಡೆ ನೀರಿನಡಿ ಇರುವುದರಿಂದ ದಂಡೆಗೆ ಕಾಣದು, ಮಂಜಿದ್ದರೆ ಅದರ ಆಚೆ ಮಗ್ಗುಲಿನ ಹರಿಗೋಲೂ ಕಾಣದು. ಮೇಲಿನ ದಾರಿಯ ಹಾಲಿನವನಿಗೆ ಇದು ಗೊತ್ತಿರಲಿಲ್ಲ, ಯಾತ್ರಿಕನಿಗೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಗಂಡ ಹದಿನಾರು ಮಳೆಗಾಲ ಅದೇ ಬಂಡೆಯ ಮೇಲೆ ನಿಂತಿದ್ದ, ಅವಳು ಇದೇ ದಂಡೆಯಿಂದ ಕೂಗಿ ಕೇಳುತ್ತಿದ್ದಳು. ಬಂಡೆ ಗೊತ್ತಿತ್ತು, ಕಂಬಳಿ ಗೊತ್ತಿತ್ತು, ಪದ್ಧತಿ ಗೊತ್ತಿತ್ತು. ಇದನ್ನೆಲ್ಲ ಯಾರೂ ಅವಳಿಂದ ಬಚ್ಚಿಟ್ಟಿರಲಿಲ್ಲ. ಮೂರನ್ನೂ ಒಂದು ಕಡೆ ಇಟ್ಟು ನೋಡಲು ಅವಳ ಮನಸ್ಸು ಒಪ್ಪಿರಲಿಲ್ಲ.

ಕಡೆಗೆ ಅವಳು ಗಂಡನನ್ನು ದಿನಾ ಕೇಳುತ್ತಿದ್ದ ಮಾತನ್ನೇ ಕೇಳಿದಳು.

"ನೀರೆಷ್ಟೈತಿ?"

"ಹಿಮ್ಮಡಿಗೈತ್ರಿ, ವೈನಿ."

"ಹಂಗಾದರ ದಾಟಸ್ರಿ. ಜನ ಕಾಯಾಕತ್ತಾರ" ಎಂದು ದಂಡೆಗೆ ತಿರುಗಿದಳು.

ಹನ್ನೊಂದನೆಯ ದಿನ ಹುಟ್ಟನ್ನು ಚಿತೆಗಿಟ್ಟರು. ಹಾಲಿನವನು ಅಡ್ಡ ಬಂದ. "ನೀನೂ ನೋಡೀಯಲ್ಲವಾ? ಹೆಸರು ಹಿಡಿದು ಕೂಗಿದ್ದು ಊರೇ ಕೇಳೇತಿ!" ಎಂದ. ಅವಳು ಅವನನ್ನು ಜರಿಯಲಿಲ್ಲ. "ನೋಡೀನಣ್ಣಾ. ನೀ ಕಂಬಳಿ ನೋಡಿದಿ, ನಾ ಮುಖಾನೂ ನೋಡೀನಿ. ನಿನಗಿಂತ ನಾನಽ ಗಟ್ಟಿ ಸಾಕ್ಷಿ. ಅದಕ್ಕಽ ನನ್ನ ಮಾತು ನಾನು ನಂಬಾಕತ್ತಿಲ್ಲ" ಎಂದಳು. ಬೆಂಕಿ ಮುಟ್ಟಿಸಿದವಳು ಅವಳೇ. ಹೊಗೆ ಏಳುವಾಗ ಅವಳು ಎಂಥ ಗಟ್ಟಿಗಿತ್ತಿ ಎಂದು ಜನ ಮಾತಾಡಿಕೊಂಡರು. ಗಟ್ಟಿಗಿತ್ತಿಯೂ ಅಲ್ಲ, ಏನೂ ಅಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತಳು.

ಕೆಲವು ದಿನದ ಮೇಲೆ ಪಂಡಿತರ ಜಗಲಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವರು ಕೇಳಿದರು: "ಮುಖ ಕಂಡಿತು ಅಂದಿ. ಎಷ್ಟು ಹೊತ್ತು ಕಂಡಿತು?"

"ನಾಕು ಉಸಿರಿನಷ್ಟು ಹೊತ್ತು ಇರಬಹುದ್ರಿ. ಅದು ಖರೆ ಅಲ್ಲ, ನನಗ ಗೊತ್ತೈತಿ. ಆದರ ಆ ನಾಕು ಉಸಿರು ನನಗ ಸಿಕ್ಕಾವಲ್ರೀ. ಅವನ್ನ ನಾ ಯಾರಿಗೂ ಪವಾಡ ಅಂತ ಹೇಳೂದಿಲ್ಲ. ಸುಡಾಕೂ ಕೊಡೂದಿಲ್ಲ."

ತರ್ಕದ ಪಂಡಿತರು ಹುಣಸೆಹಣ್ಣಿನ ಒಂದು ಉಂಡೆಯನ್ನು ಅವಳ ಉಡಿಗೆ ಹಾಕಿ ಕಳಿಸಿದರು.

ಅಜ್ಜಾರು ಕತೆ ನಿಲ್ಲಿಸಿ ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡರು. ಬಿಸಿಲು ಅಂಗಳದ ಅರ್ಧಕ್ಕೆ ಬಂದಿತ್ತು. ರಾಚಯ್ಯನ ಕೈ ಗಂಟಿನ ಮೇಲಿತ್ತು. ಗುಡ್ಡದ ಬುಗ್ಗೆ ಅವನ ಕಣ್ಣಿಗೆ ಕಟ್ಟಿದ ಹಾಗಿತ್ತು, ಅದರ ಪಕ್ಕದಲ್ಲಿ ಕೂತ ತಾಯಿಯೂ. ಆ ಮೂವರಲ್ಲಿ ಯಾರು ತಾವೇ ಕಂಡವರು, ಯಾರು ಕೇಳಿ ಹೇಳಿದವರು ಎಂದು ತಾನು ಕೇಳಿಯೇ ಇಲ್ಲವೆಂಬುದು ಅವನಿಗೆ ಈಗ ಹೊಳೆಯಿತು. ಎಷ್ಟು ದೂರದಿಂದ ಕಂಡರೆಂದೂ ಕೇಳಿರಲಿಲ್ಲ. ಮಗನನ್ನು ಕೇಳಿದಳು ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ಸಾಕಾಗಿತ್ತು, ಎದ್ದುಬಿಟ್ಟಿದ್ದ.

"ಹಾಗಾದರೆ ನಾನು ಗುಡ್ಡಕ್ಕೆ ಹೋಗಬಾರದೇ, ಅಜ್ಜಾರೇ?" ಎಂದ.

ಅಜ್ಜಾರು ಬಟ್ಟೆಯಿಂದ ಕಣ್ಣೆತ್ತದೆ ಹೇಳಿದರು:

"ಹೋಗಿ ಆ ಮೂವರನ್ನೂ ವಿಚಾರಿಸಪ್ಪಾ, ಆದರೆ ಅದಕ್ಕೂ ಮೊದಲು, ಬೆಳಿಗ್ಗೆ ನೀಲವ್ವನ ಹತ್ತಿರ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿಸಿಕೊಂಡನಲ್ಲ, ಆ ನಾಲ್ಕನೆಯವನನ್ನು ವಿಚಾರಿಸು."

ರಾಚಯ್ಯ ಗಂಟು ಬಿಚ್ಚಿ, ತನ್ನ ಪಾಲಿನ ರೊಟ್ಟಿಯನ್ನೂ ತಾಯಿಗೆಂದು ಕಟ್ಟಿಸಿದ ರೊಟ್ಟಿಯನ್ನೂ ಎಣಿಸತೊಡಗಿದ.